ಮಾರಾಟ ಕುಸಿದಿದೆ ಎಂಬ ಪ್ರಶ್ನೆಯನ್ನು ಬಿಡಿಸುವ ಕ್ರಮ

ಮಾರ್ಕೆಟಿಂಗ್ ವಿಭಾಗದ ಮ್ಯಾನೇಜ್‌ಮೆಂಟ್ ಟ್ರೈನಿ ಹುದ್ದೆಗೆಂದು ಸಂದರ್ಶನಕ್ಕೆ ಹೋದ ಅಭ್ಯರ್ಥಿಯ ಮುಂದೆ, ಪರಿಚಯದ ಮಾತುಗಳು ಮುಗಿದೊಡನೆ, ಅನೇಕ ವೇಳೆ ಒಂದೇ ವಾಕ್ಯದ ಸಮಸ್ಯೆಯೊಂದು ಬಂದು ನಿಲ್ಲುತ್ತದೆ: "ನಮ್ಮ ಸ್ನಾನದ ಸಾಬೂನಿನ ಮಾರಾಟ ಕರ್ನಾಟಕದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಶೇ 12ರಷ್ಟು ಕುಸಿದಿದೆ. ಕಾರಣವೇನು? ನೀವಾದರೆ ಏನು ಮಾಡುತ್ತೀರಿ?" ಉತ್ತರಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷಗಳ ಕಾಲವಿರುತ್ತದೆ, ಎದುರಿಗೆ ಒಂದು ಹಾಳೆ ಮತ್ತು ಪೆನ್ಸಿಲು ಇರುತ್ತವೆ, ಮಾಹಿತಿ ಮಾತ್ರ ಕೇಳದ ಹೊರತು ದೊರೆಯುವುದಿಲ್ಲ. ಇಂತಹ ಸನ್ನಿವೇಶದಲ್ಲಿ ಬುದ್ಧಿವಂತರಾದ ವಿದ್ಯಾರ್ಥಿಗಳೂ ತರಗತಿಯಲ್ಲಿ ಕಂಠಸ್ಥ ಮಾಡಿದ ನಾಲ್ಕು 'ಪಿ'ಗಳನ್ನು ಹಾಳೆಯ ಮೇಲೆ ಬರೆದುಕೊಂಡು, ಸಾಬೂನಿನ ಗುಣ ಕುಗ್ಗಿರಬಹುದು, ಬೆಲೆ ಹೆಚ್ಚಿರಬಹುದು, ಅಂಗಡಿಗಳಲ್ಲಿ ಸಿಗದಿರಬಹುದು, ಜಾಹೀರಾತು ಸಾಲದಿರಬಹುದು ಎಂದು ಹತ್ತು 'ಬಹುದು'ಗಳನ್ನು ಪೋಣಿಸಿ, ಅವುಗಳಲ್ಲಿ ಯಾವುದು ನಿಜವೆಂಬುದನ್ನು ತಿಳಿಯುವ ದಾರಿಯನ್ನೇ ಕಾಣದೆ ನಿಂತುಬಿಡುತ್ತಾರೆ. ಈ ಕಷ್ಟವನ್ನು ಕಳೆಯತಕ್ಕ ಒಂದು ಕ್ರಮವನ್ನು, ಮೇಲಿನ ಸಾಬೂನಿನ ಸಮಸ್ಯೆಯನ್ನೇ ಅಭ್ಯಾಸಕ್ಕಾಗಿ ಕಲ್ಪಿತ ಅಂಕಿಗಳಿಂದ ತುಂಬಿಕೊಂಡು, ಕೊನೆಯವರೆಗೂ ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ.

ನಾಲ್ಕು 'ಪಿ'ಗಳು ಇಲ್ಲಿ ಏಕೆ ಸಾಲವು

ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ ಎಂಬ ಈ ವಿಂಗಡಣೆಯನ್ನು ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ 1960ರ ತಮ್ಮ ಪಠ್ಯಗ್ರಂಥದಲ್ಲಿ ಮುಂದಿಟ್ಟರು. ವ್ಯವಸ್ಥಾಪಕನ ಕೈಯಲ್ಲಿರುವ ಉಪಾಯಗಳು ಯಾವುವೆಂಬುದನ್ನು ನೆನಪಿನಲ್ಲಿಡಲು ಅದಕ್ಕಿಂತ ಸುಲಭವಾದ ಪಟ್ಟಿ ಬೇರೊಂದಿಲ್ಲ. ಆದರೆ ಅದು ಉಪಾಯಗಳ ಪಟ್ಟಿಯೇ ಹೊರತು ಕಾರಣಗಳ ಪಟ್ಟಿಯಲ್ಲ. ವಿತರಕನ ಗೋದಾಮಿನಲ್ಲಿ ಹಳೆಯ ದಾಸ್ತಾನು ತುಂಬಿದ್ದರಿಂದ ಅವನು ಹೊಸದನ್ನು ಕೊಳ್ಳದೆ ಹೋದರೆ ಆ ಕಾರಣವನ್ನು ನಾಲ್ಕರಲ್ಲಿ ಯಾವ ಶೀರ್ಷಿಕೆಯಡಿ ಬರೆಯಬೇಕು? ಇಡೀ ಮಾರುಕಟ್ಟೆಯೇ ಕುಗ್ಗಿದ್ದರೆ ಯಾವುದರಡಿ ಬರೆಯಬೇಕು? ಇದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಈ ನಾಲ್ಕನ್ನೂ ಕೂಡಿಸಿದರೆ ಶೇ 12 ಎಂಬ ಮೊತ್ತ ಬರುವುದಿಲ್ಲ. ಆದಕಾರಣ ಒಂದನ್ನು ಪರೀಕ್ಷಿಸಿ ಬಿಟ್ಟ ಮೇಲೂ ಉಳಿದಿರುವುದೆಷ್ಟು ಎಂಬುದು ತಿಳಿಯದು.

ಅಂಕಗಣಿತದ ವಿಭಾಗವಾದರೋ ಹಾಗಲ್ಲ. ಕುಸಿತದ ಮೊತ್ತವನ್ನು ಕೂಡಿದರೆ ಮತ್ತೆ ಅದೇ ಮೊತ್ತವಾಗುವಂತೆ ಭಾಗಗಳಾಗಿ ಒಡೆದು, ಪ್ರತಿಯೊಂದು ಭಾಗದಲ್ಲಿ ಎಷ್ಟು ನಷ್ಟವಿದೆಯೆಂದು ಕೇಳಿದರೆ, ನಷ್ಟವಿಲ್ಲದ ಭಾಗಗಳನ್ನು ನಿಶ್ಚಿಂತೆಯಿಂದ ಬದಿಗಿಡಬಹುದು. ಮೂರು ನಾಲ್ಕು ಪ್ರಶ್ನೆಗಳಲ್ಲಿ ಹುಡುಕಾಟದ ಕ್ಷೇತ್ರವು ಇಡೀ ರಾಜ್ಯದಿಂದ ಕೆಲವು ತಾಲ್ಲೂಕುಗಳ ಕಿರಾಣಿ ಅಂಗಡಿಗಳವರೆಗೆ ಸಂಕುಚಿತವಾಗುತ್ತದೆ. ಆಗ 'ಏಕೆ' ಎಂಬ ಪ್ರಶ್ನೆಗೆ ಉತ್ತರ ಊಹೆಯಾಗದೆ ಪರೀಕ್ಷೆಗೆ ಒಳಪಡತಕ್ಕ ಮಾತಾಗುತ್ತದೆ. ಕುಸಿತ ಎಲ್ಲಿದೆ ಎಂಬುದು ಸ್ಥಿರಪಡುವವರೆಗೂ ಅದು ಏಕೆ ಆಯಿತೆಂದು ಹೇಳತೊಡಗಬಾರದು. ಈ ಒಂದು ನಿಯಮವನ್ನು ಪಾಲಿಸಿದರೆ ಉಳಿದ ರಚನೆ ತಾನಾಗಿಯೇ ಒದಗುತ್ತದೆ.

1. ಪ್ರಶ್ನೆಯನ್ನು ಅಳೆಯಿರಿ

ಮೊದಲ ಒಂದೆರಡು ನಿಮಿಷಗಳನ್ನು ಉತ್ತರಕ್ಕಲ್ಲ, ಪ್ರಶ್ನೆಯ ಅರ್ಥವನ್ನು ಖಚಿತಪಡಿಸಿಕೊಳ್ಳುವುದಕ್ಕೆ ವಿನಿಯೋಗಿಸಬೇಕು. "ಸರ್, ಮಾರಾಟವೆಂದರೆ ಕಂಪನಿಯು ವಿತರಕರಿಗೆ ಮಾರಿದ್ದೋ, ವಿತರಕರು ಅಂಗಡಿಗಳಿಗೆ ಮಾರಿದ್ದೋ? ಈ ಶೇ 12 ರೂಪಾಯಿಯ ಲೆಕ್ಕವೋ, ತೂಕದ ಲೆಕ್ಕವೋ? ಯಾವ ಅವಧಿಗೆ ಹೋಲಿಸಿದ್ದು?" ಎಂಬ ಮೂರು ಪ್ರಶ್ನೆಗಳು ಸಾಕು. ನಮ್ಮ ಸಂದರ್ಭದಲ್ಲಿ ಸಂದರ್ಶಕರು ಹೀಗೆ ಉತ್ತರಿಸಿದರೆಂದು ಇಟ್ಟುಕೊಳ್ಳೋಣ: ಲೆಕ್ಕ ಕಂಪನಿಯಿಂದ ವಿತರಕರಿಗೆ ಹೋದ ಸರಕಿನದು, ಅಂದರೆ ಉದ್ಯಮದಲ್ಲಿ ಪ್ರೈಮರಿ ಎಂದು ಕರೆಯುವ ಮಾರಾಟ, ಕಳೆದ ವರ್ಷ ಇದೇ ತ್ರೈಮಾಸಿಕದಲ್ಲಿ 50 ಕೋಟಿ ರೂಪಾಯಿ ಇದ್ದದ್ದು ಈಗ 44 ಕೋಟಿಯಾಗಿದೆ, ಬೆಲೆಯಾಗಲಿ ಸಾಬೂನಿನ ತೂಕವಾಗಲಿ ಬದಲಾಗಿಲ್ಲ. ಬೆಲೆ ಬದಲಾಗದೆ ಇರುವುದರಿಂದ ಕುಸಿದದ್ದು ಪರಿಮಾಣವೇ ಎಂಬುದು ಕೂಡಲೇ ಸಿದ್ಧವಾಯಿತು.

ಅವಧಿಯ ಹೋಲಿಕೆಯನ್ನು ಕೇಳುವುದು ಔಪಚಾರಿಕತೆಯಲ್ಲ. ನಮ್ಮ ಹೆಚ್ಚಿನ ಹಬ್ಬಗಳು ಚಾಂದ್ರಮಾನವನ್ನು ಅನುಸರಿಸುತ್ತವೆ, ಕಂಪನಿಯ ಲೆಕ್ಕಪುಸ್ತಕ ಅನುಸರಿಸುವುದಿಲ್ಲ. 2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂದಿತು, 2025ರಲ್ಲಿ ಮಾರ್ಚ್ 30ರಂದು. ತುಪ್ಪ, ಬೆಲ್ಲ, ಬಟ್ಟೆಗಳಂತಹ ಹಬ್ಬದ ಸರಕುಗಳ ಮಾರಾಟವು ಹೀಗೆ ಒಂದು ತ್ರೈಮಾಸಿಕದಿಂದ ಮತ್ತೊಂದಕ್ಕೆ ಜಾರಿದರೆ, ಏನೂ ಕೆಡದಿದ್ದರೂ ಕುಸಿತವಾದಂತೆ ಕಾಣುತ್ತದೆ. ಸ್ನಾನದ ಸಾಬೂನಿಗೆ ಈ ಪ್ರಭಾವ ಅಲ್ಪವೆಂದು ಒಂದು ಮಾತಿನಲ್ಲಿ ಹೇಳಿ ಮುಂದುವರಿಯಬಹುದು.

2. ಹಾದಿಯಲ್ಲಿ ನಿಂತ ದಾಸ್ತಾನನ್ನು ಬೇರ್ಪಡಿಸಿ

ಸಂದರ್ಶನಗಳಲ್ಲಿ ಅತ್ಯಂತ ಹೆಚ್ಚಾಗಿ ಬಿಟ್ಟುಹೋಗುವ ಹೆಜ್ಜೆಯಿದು, ಮತ್ತು ಮಾರಾಟ ವಿಭಾಗದಲ್ಲಿ ನಿಜವಾಗಿ ದುಡಿದ ಸಂದರ್ಶಕರು ಮೊದಲು ನಿರೀಕ್ಷಿಸುವ ಹೆಜ್ಜೆಯೂ ಇದೇ. ಕಾರ್ಖಾನೆಯಿಂದ ಹೊರಟ ಸಾಬೂನು ನೇರವಾಗಿ ಸ್ನಾನದ ಮನೆಗೆ ಬರುವುದಿಲ್ಲ. ಕಂಪನಿಯಿಂದ ವಿತರಕನಿಗೆ, ವಿತರಕನಿಂದ ಅಂಗಡಿಗೆ, ಅಂಗಡಿಯಿಂದ ಗ್ರಾಹಕನಿಗೆ ಎಂಬ ಮೂರು ಮಾರಾಟಗಳಿವೆ. ಎರಡನೆಯದನ್ನು ಸೆಕೆಂಡರಿ ಎಂದೂ ಮೂರನೆಯದನ್ನು ಆಫ್‌ಟೇಕ್ ಎಂದೂ ಉದ್ಯಮದವರು ಕರೆಯುತ್ತಾರೆ. ನದಿಯಿಂದ ಕೆರೆಗೆ ಬರುವ ನೀರು ಕಡಿಮೆಯಾದ ಮಾತ್ರಕ್ಕೆ ತೂಬಿನಿಂದ ಗದ್ದೆಗೆ ಹರಿಯುವ ನೀರೂ ಅಷ್ಟೇ ಕಡಿಮೆಯಾಯಿತೆಂದು ಹೇಳಲಾಗದಂತೆ, ಪ್ರೈಮರಿ ಕುಸಿದ ಮಾತ್ರಕ್ಕೆ ಸೆಕೆಂಡರಿಯೂ ಅಷ್ಟೇ ಕುಸಿಯಿತೆಂದು ಹೇಳಲಾಗದು. ನಡುವೆ ವಿತರಕರ ಗೋದಾಮು ಇದೆ.

ಲೆಕ್ಕ ಸರಳವಾದದ್ದು:

ಸೆಕೆಂಡರಿ = ಆರಂಭದ ದಾಸ್ತಾನು + ಪ್ರೈಮರಿ − ಕೊನೆಯ ದಾಸ್ತಾನು

ವಿತರಕರ ದಾಸ್ತಾನು ಎಷ್ಟಿತ್ತೆಂದು ಕೇಳಿದಾಗ ಸಂದರ್ಶಕರು, ವಿತರಕನು ಕಂಪನಿಗೆ ಕೊಡುವ ಬೆಲೆಯ ಲೆಕ್ಕದಲ್ಲಿಯೇ, ಈ ಅಂಕಿಗಳನ್ನು ಕೊಟ್ಟರೆನ್ನೋಣ. ಕಳೆದ ವರ್ಷ ಏಪ್ರಿಲ್ ಆರಂಭದಲ್ಲಿ 15 ಕೋಟಿ, ಜೂನ್ ಕೊನೆಯಲ್ಲಿ 16 ಕೋಟಿ. ಈ ವರ್ಷ ಆರಂಭದಲ್ಲಿ 18 ಕೋಟಿ, ಕೊನೆಯಲ್ಲಿ 15 ಕೋಟಿ. ಹಾಗಾದರೆ ಕಳೆದ ವರ್ಷದ ಸೆಕೆಂಡರಿ 15 + 50 − 16, ಅಂದರೆ 49 ಕೋಟಿ. ಈ ವರ್ಷದ್ದು 18 + 44 − 15, ಅಂದರೆ 47 ಕೋಟಿ. ವಿತರಕರಿಂದ ಅಂಗಡಿಗಳಿಗೆ ಹೋದ ಸರಕಿನಲ್ಲಿ ಆದ ಇಳಿತ 2 ಕೋಟಿ ಮಾತ್ರ, ಸುಮಾರು ಶೇ 4. ಉಳಿದ 4 ಕೋಟಿ ದಾಸ್ತಾನಿನ ಏರಿಳಿತ: ಕಳೆದ ವರ್ಷ ವಿತರಕರ ಗೋದಾಮು 1 ಕೋಟಿಯಷ್ಟು ತುಂಬಿತು, ಈ ವರ್ಷ 3 ಕೋಟಿಯಷ್ಟು ಬರಿದಾಯಿತು.

ಮಾರ್ಚ್ ಕೊನೆಗೆ ಏಕೆ 18 ಕೋಟಿಯ ಸರಕು ಸೇರಿತ್ತು? ಅದು ಆರ್ಥಿಕ ವರ್ಷದ ಅಂತ್ಯ. ವಾರ್ಷಿಕ ಗುರಿಯನ್ನು ಮುಟ್ಟಲೆಂದು ಮಾರಾಟಾಧಿಕಾರಿಗಳು ವಿತರಕರ ಮೇಲೆ ಹೆಚ್ಚಿನ ಸರಕನ್ನು ಹೇರುವುದು ಎಲ್ಲರೂ ಬಲ್ಲ ಸಂಗತಿ. ಈಗಿನ ಸೆಕೆಂಡರಿಯ ವೇಗದಲ್ಲಿ 18 ಕೋಟಿ ಎಂದರೆ ಸುಮಾರು 35 ದಿನಗಳ ದಾಸ್ತಾನು, 15 ಕೋಟಿ ಎಂದರೆ 29 ದಿನಗಳದು. ಮಾರ್ಚ್‌ನಲ್ಲಿ ಹೆಚ್ಚಾಗಿ ಹೇರಿದ್ದು ಏಪ್ರಿಲ್, ಮೇ ತಿಂಗಳುಗಳಲ್ಲಿ ಕರಗಿತು, ಅಷ್ಟೆ.

ತೆರಿಗೆಯ ಬದಲಾವಣೆಯೂ ಇಂತಹ ಏರಿಳಿತಕ್ಕೆ ಕಾರಣವಾಗುತ್ತದೆ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯು ಸ್ನಾನದ ಸಾಬೂನು, ಶಾಂಪೂ, ಟೂತ್‌ಪೇಸ್ಟ್ ಮುಂತಾದವುಗಳ ತೆರಿಗೆಯನ್ನು ಶೇ 18ರಿಂದ ಶೇ 5ಕ್ಕೆ ಇಳಿಸುವ ನಿರ್ಣಯ ಮಾಡಿತು. ಅದು ಜಾರಿಗೆ ಬಂದದ್ದು ಸೆಪ್ಟೆಂಬರ್ 22ರಂದು. ನಡುವಣ ದಿನಗಳಲ್ಲಿ ಹಳೆಯ ದರದ ಸರಕನ್ನು ತುಂಬಿಕೊಳ್ಳಲು ವ್ಯಾಪಾರಿಗಳು ಹಿಂಜರಿದದ್ದು ಸಹಜವೇ. ಆ ತ್ರೈಮಾಸಿಕದ ಅಂಕಿಯನ್ನು ಆಧರಿಸಿ ಸಂದರ್ಶಕರು ಪ್ರಶ್ನೆ ಹಾಕಿದರೆ ಈ ದಿನಾಂಕಗಳನ್ನು ನೆನೆಯುವ ಅಭ್ಯರ್ಥಿಗೆ ದೊರೆಯುವ ಗೌರವವೇ ಬೇರೆ.

3. ಮಾರುಕಟ್ಟೆ ಕುಗ್ಗಿತೋ, ನಮ್ಮ ಪಾಲು ಕುಗ್ಗಿತೋ

ಉಳಿದಿರುವುದು 2 ಕೋಟಿಯ ನಿಜವಾದ ನಷ್ಟ. ರಾಜ್ಯದಲ್ಲಿ ಎಲ್ಲ ಕಂಪನಿಗಳ ಸಾಬೂನುಗಳೂ ಸೇರಿ ಎಷ್ಟು ಮಾರಾಟವಾದವು ಎಂದು ಈಗ ಕೇಳಬೇಕು. ಅಂಗಡಿಗಳ ಮಾದರಿಯನ್ನು ಆಯ್ದು ಅಳೆಯುವ ನೀಲ್ಸನ್‌ಐಕ್ಯೂ ಸಂಸ್ಥೆಯ ವರದಿಗಳಂತಹವು ಕಂಪನಿಯ ಬಳಿ ಇರುತ್ತವೆ. ಒಟ್ಟು ಮಾರುಕಟ್ಟೆಯೂ ಶೇ 4ರಷ್ಟೇ ಇಳಿದಿದ್ದರೆ ನಮ್ಮ ಪಾಲು ಹಾಗೆಯೇ ಇದೆಯೆಂದೂ, ಸಮಸ್ಯೆ ಸಾಬೂನಿನ ಬಳಕೆಯದ್ದೆಂದೂ ಆಗುತ್ತಿತ್ತು. ನಮ್ಮ ಸಂದರ್ಭದಲ್ಲಿ ಮಾರುಕಟ್ಟೆ ಕಳೆದ ವರ್ಷದಷ್ಟೇ ಇದೆಯೆಂಬ ಉತ್ತರ ಬಂದಿತೆನ್ನೋಣ. ಆಗ ನಷ್ಟ ನಮ್ಮದೇ. ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

4. ನಷ್ಟದ ಸ್ಥಾನವನ್ನು ಹುಡುಕಿ

ಸ್ಥಾನವನ್ನು ಹುಡುಕಲು ಪ್ರದೇಶ, ಮಾರಾಟದ ಮಾರ್ಗ, ಪ್ಯಾಕಿನ ಗಾತ್ರ ಎಂಬ ಮೂರು ವಿಧದ ವಿಭಾಗಗಳು ಪ್ರಾಯಶಃ ಸಾಕಾಗುತ್ತವೆ. ಯಾವುದನ್ನು ಮೊದಲು ಕೇಳಬೇಕೆಂಬುದು ವಿವೇಚನೆಗೆ ಬಿಟ್ಟದ್ದು. ಪ್ರದೇಶವನ್ನು ಮೊದಲು ಕೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಏಕೆಂದರೆ ಗುಣ, ಬೆಲೆ, ದೂರದರ್ಶನದ ಜಾಹೀರಾತು ಇವು ರಾಜ್ಯದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ನಷ್ಟ ಒಂದೇ ಪ್ರದೇಶದಲ್ಲಿ ನೆಲೆಸಿದ್ದರೆ ಆ ಮೂರೂ ಸಂಶಯದಿಂದ ಬಹುಮಟ್ಟಿಗೆ ಪಾರಾಗುತ್ತವೆ. ಒಂದು ಪ್ರಶ್ನೆಯಿಂದ ಇಷ್ಟು ಪ್ರಯೋಜನ ಬೇರೆಡೆ ಸಿಗದು.

ಉತ್ತರ ಹೀಗಿದೆ: ಬೆಂಗಳೂರಿನ ಸೆಕೆಂಡರಿ 20 ಕೋಟಿ, ಬದಲಾವಣೆಯಿಲ್ಲ, ಹಳೇ ಮೈಸೂರು, ಮಲೆನಾಡು, ಕರಾವಳಿಗಳು ಸೇರಿ 14 ಕೋಟಿ, ಅಲ್ಲಿಯೂ ಬದಲಾವಣೆಯಿಲ್ಲ, ಉತ್ತರ ಕರ್ನಾಟಕದಲ್ಲಿ 15 ಕೋಟಿ ಇದ್ದದ್ದು 13 ಕೋಟಿಯಾಗಿದೆ. ಎರಡು ಕೋಟಿಯೂ ಅಲ್ಲಿಯೇ ಸಿಕ್ಕಿತು. ಅಲ್ಲಿನ ಮಾರಾಟವನ್ನು ಮಾರ್ಗವಾರು ಒಡೆದರೆ ಸಗಟು ವ್ಯಾಪಾರಿಗಳಿಗೆ ಹೋದದ್ದು ಆಗಲೂ ಈಗಲೂ 6 ಕೋಟಿ. ವಿತರಕನ ಸೇಲ್ಸ್‌ಮನ್ ನೇರವಾಗಿ ಹೋಗಿ ಆರ್ಡರು ತರುವ ಕಿರಾಣಿ ಅಂಗಡಿಗಳದ್ದು 9 ಕೋಟಿಯಿಂದ 7 ಕೋಟಿಗೆ ಇಳಿದಿದೆ.

ಇಲ್ಲಿಗೆ ನಿಲ್ಲಿಸಬಾರದು, ಕೊನೆಯ ಒಂದು ವಿಭಾಗ ಉಳಿದಿದೆ, ಮತ್ತು ಇಡೀ ಪ್ರಶ್ನೆಯ ಕೀಲು ಅದರಲ್ಲಿದೆ. ಕಿರಾಣಿ ಅಂಗಡಿಗಳ ಮಾರಾಟವೆಂದರೆ ಬಿಲ್ಲಾದ ಅಂಗಡಿಗಳ ಸಂಖ್ಯೆಯನ್ನು ಪ್ರತಿ ಅಂಗಡಿಯ ಸರಾಸರಿ ಖರೀದಿಯಿಂದ ಗುಣಿಸಿದ ಮೊತ್ತ. ಕಳೆದ ವರ್ಷ 12,000 ಅಂಗಡಿಗಳು ತ್ರೈಮಾಸಿಕಕ್ಕೆ ಸರಾಸರಿ 7,500 ರೂಪಾಯಿಯ ಸಾಬೂನನ್ನು ಕೊಂಡಿದ್ದವು. ಈ ವರ್ಷ 9,400 ಅಂಗಡಿಗಳು ಸರಾಸರಿ 7,450 ರೂಪಾಯಿಯದನ್ನು ಕೊಂಡಿವೆ. ಸರಾಸರಿ ಹೆಚ್ಚುಕಡಿಮೆ ಅಲುಗಿಲ್ಲ, ಸಂಖ್ಯೆ 2,600ರಷ್ಟು ಕುಗ್ಗಿದೆ. ಸಾಬೂನು ಯಾವ ಅಂಗಡಿಯಲ್ಲಿ ಸಿಗುತ್ತಿದೆಯೋ ಆ ಅಂಗಡಿಯಲ್ಲಿ ಮೊದಲಿನಷ್ಟೇ ಮಾರಾಟವಾಗುತ್ತಿದೆ. ಗ್ರಾಹಕರು ಅದನ್ನು ತೊರೆದಿಲ್ಲ, ಅದು ಅವರಿಗೆ ಸಿಗದಾಗಿದೆ. ಜಾಹೀರಾತಿಗೆ ಹಣ ಸುರಿಯಬೇಕೆಂದು ಸಲಹೆ ಕೊಡಲು ಸಿದ್ಧರಾಗಿದ್ದವರು ಈ ಎರಡು ಅಂಕಿಗಳನ್ನು ಕೇಳದೆ ಹೋಗಿದ್ದರೆ ಎಂತಹ ಪ್ರಮಾದಕ್ಕೆ ಒಳಗಾಗುತ್ತಿದ್ದರೆಂಬುದನ್ನು ಯೋಚಿಸಿ.

5. ಈಗ ಕಾರಣವನ್ನು ಕೇಳಿ, ಪರೀಕ್ಷಿಸಿ

ಸ್ಥಾನ ಇಷ್ಟು ಕಿರಿದಾದ ಮೇಲೆ ಊಹೆಗೆ ಅವಕಾಶವಿದೆ. 2,600 ಅಂಗಡಿಗಳು ಬಿಲ್ಲಾಗದಿರಲು ಮೂರು ಮುಖ್ಯ ಸಾಧ್ಯತೆಗಳು: ವಿತರಕನೇ ವ್ಯವಹಾರ ಬಿಟ್ಟಿರಬಹುದು, ವಿತರಕನಿದ್ದೂ ಸೇಲ್ಸ್‌ಮನ್ ಇಲ್ಲದೆ ಬೀಟ್‌ಗಳು, ಅಂದರೆ ದಿನಕ್ಕೊಂದರಂತೆ ಗೊತ್ತುಮಾಡಿದ ಅಂಗಡಿಗಳ ಸರದಿಗಳು, ಖಾಲಿ ಬಿದ್ದಿರಬಹುದು, ಅಥವಾ ಸೇಲ್ಸ್‌ಮನ್ ಹೋದರೂ ಅಂಗಡಿಯವರು ಬೇಡವೆನ್ನುತ್ತಿರಬಹುದು. ಪ್ರತಿಯೊಂದಕ್ಕೂ ಒಂದು ಪರೀಕ್ಷೆಯನ್ನು ಹೇಳಬಲ್ಲ ಅಭ್ಯರ್ಥಿಯೇ ಸಂದರ್ಶಕರ ಗಮನವನ್ನು ಸೆಳೆಯುತ್ತಾನೆ. ಅದೇ ಹಳ್ಳಿಗಳಲ್ಲಿ ಕಂಪನಿಯ ಇತರ ಸರಕುಗಳೂ ಇಳಿದಿವೆಯೆ? ಇಳಿದಿದ್ದರೆ ದೋಷ ಸಾಬೂನಿನದಲ್ಲ, ಹಾದಿಯದು. ನಿಂತುಹೋದ ಅಂಗಡಿಗಳು ಒಂದೆರಡು ವಿತರಕರ ವ್ಯಾಪ್ತಿಯಲ್ಲಿ ಗುಂಪಾಗಿವೆಯೆ, ಎಲ್ಲೆಡೆ ಚದುರಿವೆಯೆ? ಸೇಲ್ಸ್‌ಮನ್ ಭೇಟಿಗಳ ಸಂಖ್ಯೆ ಇಳಿದಿದೆಯೆ, ಅಥವಾ ಭೇಟಿಯಾದರೂ ಆರ್ಡರು ಸಿಕ್ಕಿಲ್ಲವೆ?

ಸಂದರ್ಶಕರ ಉತ್ತರ: ಇತರ ಸರಕುಗಳೂ ಇಳಿದಿವೆ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಮೂವರು ವಿತರಕರು ಏಪ್ರಿಲ್ ಮೊದಲ ವಾರದೊಳಗೆ ವ್ಯವಹಾರ ಬಿಟ್ಟರು. ಇಲ್ಲಿ ಸೂಕ್ಷ್ಮವಾದ ಒಂದು ಮಾತನ್ನು ಗಮನಿಸಬೇಕು. ವಿತರಕನ ಗಾಡಿ ಬಾರದ ಹಳ್ಳಿಯ ಅಂಗಡಿಯವನು ಬೇಕಾದ ಸರಕನ್ನು ತಾಲ್ಲೂಕು ಕೇಂದ್ರದ ಸಗಟು ಅಂಗಡಿಯಿಂದ ತಾನೇ ತರಬಹುದಿತ್ತು. ಹಾಗೆ ತಂದಿದ್ದರೆ ಸಗಟಿನ ಮಾರಾಟ 6 ಕೋಟಿಗಿಂತ ಮೇಲೇರಬೇಕಾಗಿತ್ತು. ಏರಿಲ್ಲ. ಅಂದಮೇಲೆ ಅವನು ನಮ್ಮ ಸಾಬೂನಿನ ಜಾಗದಲ್ಲಿ ಬೇರೆ ಕಂಪನಿಯದನ್ನು ಇಟ್ಟುಕೊಂಡಿದ್ದಾನೆ, ಗ್ರಾಹಕನೂ ಅದನ್ನೇ ಒಯ್ದಿದ್ದಾನೆ. ಬ್ರಾಂಡಿನ ಮೇಲೆ ಗ್ರಾಹಕನಿಗೆ ಒಲವಿದೆ, ಆದರೆ ಮತ್ತೊಂದು ಊರಿಗೆ ಹೋಗಿ ಹುಡುಕುವಷ್ಟಿಲ್ಲ ಎಂದು ಇದರಿಂದ ತಿಳಿಯುತ್ತದೆ.

ವಿತರಕರು ಏಕೆ ಬಿಟ್ಟರು? ಹೆಚ್ಚಿನ ಅಭ್ಯರ್ಥಿಗಳು ಕಮಿಷನ್ ಸಾಲದೆಂದು ಹೇಳಿ ಮುಗಿಸುತ್ತಾರೆ. ವಿತರಕನು ನೋಡುವುದು ಹಾಕಿದ ಬಂಡವಾಳಕ್ಕೆ ಬರುವ ಪ್ರತಿಫಲವನ್ನು. ಆ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ ತೋರಿಸಬೇಕು. ಒಬ್ಬ ವಿತರಕ ಕಂಪನಿಯ ಎಲ್ಲ ಸರಕುಗಳನ್ನೂ ಸೇರಿಸಿ ತಿಂಗಳಿಗೆ 30 ಲಕ್ಷ ರೂಪಾಯಿಯ ವ್ಯಾಪಾರ ಮಾಡುತ್ತಾನೆ, ಅವನಿಗೆ ಶೇ 5ರ ಲಾಭಾಂಶವೆಂದು ಊಹಿಸೋಣ. ತಿಂಗಳಿಗೆ 1.5 ಲಕ್ಷ ಬರುತ್ತದೆ. ಗೋದಾಮಿನ ಬಾಡಿಗೆ, ಗಾಡಿ, ಸೇಲ್ಸ್‌ಮನ್ ಸಂಬಳಗಳಿಗೆ 1.2 ಲಕ್ಷ ಹೋಗುತ್ತದೆ. ಉಳಿದದ್ದು 30 ಸಾವಿರ, ವರ್ಷಕ್ಕೆ 3.6 ಲಕ್ಷ. ದಾಸ್ತಾನು ಹಾಗೂ ಅಂಗಡಿಗಳಿಗೆ ಕೊಟ್ಟ ಉದ್ದರಿ ಸೇರಿ ಅವನ ಬಂಡವಾಳ 20 ಲಕ್ಷವಿದ್ದರೆ ಪ್ರತಿಫಲ ಶೇ 18. ಅಂಗಡಿಗಳು ಹತ್ತು ದಿನಗಳಲ್ಲಿ ತೀರಿಸುತ್ತಿದ್ದ ಉದ್ದರಿ ಇಪ್ಪತ್ತೈದು ದಿನಗಳಿಗೆ ಹೋದರೆ, ದಿನಕ್ಕೆ 1 ಲಕ್ಷದ ವ್ಯಾಪಾರದಲ್ಲಿ ಇನ್ನೂ 15 ಲಕ್ಷ ಸಿಕ್ಕಿಹಾಕಿಕೊಳ್ಳುತ್ತದೆ. ಬಂಡವಾಳ 35 ಲಕ್ಷವಾಗಿ ಪ್ರತಿಫಲ ಶೇ 10ಕ್ಕೆ ಇಳಿಯುತ್ತದೆ. ಇದರ ಮೇಲೆ ಮಾರ್ಚ್‌ನಲ್ಲಿ ಕಂಪನಿ ಹೇರಿದ ಸರಕಿನ ಹೊರೆ. ಸಾಲದ ಬಡ್ಡಿಯನ್ನು ತೆತ್ತು ಇದನ್ನು ನಡೆಸುವುದಕ್ಕಿಂತ ಬಿಟ್ಟುಬಿಡುವುದೇ ಲೇಸೆಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ. ಎರಡನೆಯ ಹೆಜ್ಜೆಯಲ್ಲಿ ಕಂಡ 4 ಕೋಟಿಯ ದಾಸ್ತಾನಿನ ಏರಿಳಿತವೂ ಈ 2 ಕೋಟಿಯ ನಷ್ಟವೂ ಒಂದೇ ಬೇರಿನಿಂದ ಹುಟ್ಟಿರುವ ಸಾಧ್ಯತೆಯಿದೆಯೆಂದು ಇಲ್ಲಿ ಹೇಳಿರಿ. ಅದು ಸಾಧ್ಯತೆಯೆಂದೇ ಹೇಳಿರಿ, ನಿಶ್ಚಯವೆಂದಲ್ಲ, ಏಕೆಂದರೆ ಆ ಮೂವರು ವಿತರಕರೊಡನೆ ಯಾರೂ ಇನ್ನೂ ಮಾತನಾಡಿಲ್ಲ.

6. ಸಲಹೆಗೆ ಅಳತೆಯಿರಲಿ

ಮರಳಿ ಪಡೆಯಬಹುದಾದದ್ದು ಎಷ್ಟು? 2,600 ಅಂಗಡಿಗಳು, ತಲಾ 7,500 ರೂಪಾಯಿ, ತ್ರೈಮಾಸಿಕಕ್ಕೆ 1.95 ಕೋಟಿ. ಈ ಅಂಗಡಿಗಳ ಹಲಗೆಯ ಮೇಲೆ ಈಗಾಗಲೇ ಎದುರಾಳಿಯ ಸಾಬೂನು ಕುಳಿತಿರುವುದರಿಂದ ಮೊದಲ ತ್ರೈಮಾಸಿಕದಲ್ಲಿ ಅರ್ಧದಷ್ಟು, ಸುಮಾರು 1 ಕೋಟಿ, ಮರಳಿದರೆ ಸಾಕೆಂದು ಹೇಳಿ, ಅದು ನಿಮ್ಮ ಊಹೆಯೆಂಬುದನ್ನೂ ತಿಳಿಸಿರಿ.

ಕ್ರಮ ಹೀಗಿರಲಿ. ಮೊದಲ ಎರಡು ವಾರಗಳಲ್ಲಿ ಪಕ್ಕದ ವಿತರಕರಿಂದ ದೊಡ್ಡ ಅಂಗಡಿಗಳಿಗಾದರೂ ಸರಕು ಮುಟ್ಟುವಂತೆ ತಾತ್ಕಾಲಿಕ ಏರ್ಪಾಡು. ಎರಡು ತಿಂಗಳೊಳಗೆ ಹೊಸ ವಿತರಕರ ನೇಮಕ, ದೂರದ ಹಳ್ಳಿಗಳಿಗೆ ಅವರ ಕೆಳಗೆ ಉಪವಿತರಕರು. ಇವರೂ ಬಿಟ್ಟುಹೋಗದಂತೆ ಅಂಗಡಿಯ ಉದ್ದರಿಗೆ ಮಿತಿ, ತಿಂಗಳ ಕೊನೆಯಲ್ಲಿ 30 ದಿನಗಳಿಗಿಂತ ಹೆಚ್ಚಿನ ದಾಸ್ತಾನನ್ನು ಹೇರಬಾರದೆಂಬ ಕಟ್ಟುಪಾಡು. ಫಲವನ್ನು ಅಳೆಯಲು ಬಿಲ್ಲಾದ ಅಂಗಡಿಗಳ ಸಂಖ್ಯೆಯೊಂದೇ ಸಾಲದು. ಮೊದಲ ಬಿಲ್ಲು ಬರಿಯ ಹಲಗೆಯನ್ನು ತುಂಬಿದ್ದಷ್ಟೇ ಆಗಬಹುದು. ಅದೇ ಅಂಗಡಿಯವನು ಎರಡನೆಯ ಬಾರಿ ಕೊಂಡನೆ ಎಂಬುದು ಗ್ರಾಹಕ ಮರಳಿದ್ದಾನೆಯೆ ಎಂಬುದನ್ನು ಹೇಳುತ್ತದೆ.

ದಾಸ್ತಾನಿನ 4 ಕೋಟಿಯನ್ನು ಮರಳಿ ತರುವ ಯತ್ನ ಬೇಡವೆಂದು ಸ್ಪಷ್ಟವಾಗಿ ಹೇಳುವುದು ಅಷ್ಟೇ ಮುಖ್ಯ. ವಿತರಕರ ದಾಸ್ತಾನು 15 ಕೋಟಿಯಲ್ಲೇ ನಿಂತರೆ, ಸೆಕೆಂಡರಿ ಹೀಗೆಯೇ ಇದ್ದಲ್ಲಿ, ಮುಂದಿನ ತ್ರೈಮಾಸಿಕದ ಪ್ರೈಮರಿ ಯಾರೇನೂ ಮಾಡದೆಯೇ 44ರಿಂದ 47 ಕೋಟಿಯ ಆಸುಪಾಸಿಗೆ ಏರುತ್ತದೆ. ಅದೇ ಸಮಯಕ್ಕೆ ರಿಯಾಯಿತಿ ಸ್ಕೀಮೊಂದನ್ನು ಹೊರಡಿಸಿದವರು ಆ 3 ಕೋಟಿಯ ಏರಿಕೆಯನ್ನು ಸ್ಕೀಮಿನ ಫಲವೆಂದು ಭ್ರಮಿಸುತ್ತಾರೆ. ಸಲಹೆಯನ್ನು ಸೆಕೆಂಡರಿಯಿಂದ ಅಳೆಯಬೇಕೆಂದು ನೀವು ಮೊದಲೇ ಹೇಳಿದ್ದರೆ ಈ ಭ್ರಮೆಗೆ ಎಡೆಯಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತ ಹೋಗಿ, ಏಕೆ ಕೇಳುತ್ತಿದ್ದೇವೆಂದು ಹೇಳದಿರುವುದು ಇವುಗಳಲ್ಲಿ ಮೊದಲನೆಯದು. "ಪ್ರದೇಶವಾರು ಅಂಕಿ ಕೊಡಿ" ಎನ್ನುವುದಕ್ಕಿಂತ, "ನಷ್ಟ ಒಂದೇ ಪ್ರದೇಶದಲ್ಲಿದ್ದರೆ ಗುಣ ಮತ್ತು ಬೆಲೆಯನ್ನು ಬದಿಗಿಡಬಹುದು; ಅದಕ್ಕಾಗಿ ಪ್ರದೇಶವಾರು ಅಂಕಿ ತಿಳಿಯಬಹುದೆ, ಸರ್?" ಎಂದರೆ ಸಂದರ್ಶಕರಿಗೆ ನಿಮ್ಮ ಆಲೋಚನೆಯ ದಾರಿ ಕಾಣುತ್ತದೆ, ದಾರಿ ತಪ್ಪಿದ್ದರೆ ತಿದ್ದಲು ಅವರಿಗೂ ಅವಕಾಶವಾಗುತ್ತದೆ.

ಶೇಕಡಾವಾರನ್ನು ನೋಡಿ ರೂಪಾಯಿಯನ್ನು ಮರೆಯುವುದು ಮತ್ತೊಂದು. ಸಣ್ಣ ಮಾರ್ಗವೊಂದು ಶೇ 40 ಕುಸಿದಿದೆಯೆಂದು ಕೇಳಿದೊಡನೆ ಅಭ್ಯರ್ಥಿಗಳು ಅದರ ಬೆನ್ನುಹತ್ತುತ್ತಾರೆ. ಅದು 10 ಲಕ್ಷದಿಂದ 6 ಲಕ್ಷಕ್ಕೆ ಇಳಿದದ್ದಾದರೆ 2 ಕೋಟಿಯ ನಷ್ಟದಲ್ಲಿ ಅದರ ಪಾಲು 4 ಲಕ್ಷ ಮಾತ್ರ. ಒಡೆದ ಪ್ರತಿ ಬಾರಿಯೂ ಭಾಗಗಳನ್ನು ಕೂಡಿ, ಮೊದಲಿನ ಮೊತ್ತ ಬಂದಿತೆ ಎಂದು ಹಾಳೆಯ ಅಂಚಿನಲ್ಲಿ ಪರೀಕ್ಷಿಸಿಕೊಳ್ಳಿರಿ.

ಅಂಕಿ ಇಲ್ಲವೆಂದು ಸಂದರ್ಶಕರು ಹೇಳಿದಾಗ ಸ್ತಬ್ಧರಾಗುವುದೂ ಉಂಟು. ಆಗ ಆ ಅಂಕಿ ಎರಡು ರೀತಿಯಲ್ಲಿ ಇರಬಹುದಾದರೆ ಎರಡರಲ್ಲಿಯೂ ತೀರ್ಮಾನ ಏನಾಗುತ್ತದೆಂದು ಹೇಳಿ, ಹೆಚ್ಚು ಸಂಭವನೀಯವಾದದ್ದನ್ನು ಹಿಡಿದು ಮುಂದೆ ಹೋಗಬೇಕು.

ಅಂಕಿಗಳು ಬೇರೆಯಾಗಿದ್ದಲ್ಲಿ

ಸಂದರ್ಶಕರು ಕೊನೆಯಲ್ಲಿ ಅಂಕಿಗಳನ್ನು ಮಗುಚಿ ಕೇಳುವುದುಂಟು: "ಅಂಗಡಿಗಳು 12,000ವೇ ಇದ್ದು, ಸರಾಸರಿ ಖರೀದಿ 7,500ರಿಂದ ಸುಮಾರು 5,800ಕ್ಕೆ ಇಳಿದಿದ್ದರೆ?" ಆಗಲೂ ನಷ್ಟ ಅದೇ 2 ಕೋಟಿ, ಆದರೆ ಚಿಕಿತ್ಸೆ ಬೇರೆ. ಸಾಬೂನು ಅಂಗಡಿಯಲ್ಲಿದೆ, ಜನ ಕೊಳ್ಳುತ್ತಿಲ್ಲ. ಆಗ ಅಂಗಡಿಯನ್ನು ಬಿಟ್ಟು ಮನೆಯತ್ತ ತಿರುಗಿ, ಕೊಳ್ಳುವ ಕುಟುಂಬಗಳ ಸಂಖ್ಯೆ, ಎಷ್ಟು ಸಲ ಕೊಳ್ಳುತ್ತಾರೆ, ಒಂದು ಸಲಕ್ಕೆ ಎಷ್ಟು ಕೊಳ್ಳುತ್ತಾರೆ ಎಂಬ ಮೂರರ ಗುಣಲಬ್ಧವಾಗಿ ಮಾರಾಟವನ್ನು ಒಡೆಯಬೇಕು. ನಿಯತವಾಗಿ ಕುಟುಂಬಗಳ ಖರೀದಿಯನ್ನು ದಾಖಲಿಸುವ ಕಾಂತಾರ್ ಸಂಸ್ಥೆಯ ಸಮೀಕ್ಷೆಯಂತಹ ಆಧಾರದಿಂದ ಇದು ತಿಳಿಯುತ್ತದೆ. ಕುಟುಂಬಗಳ ಸಂಖ್ಯೆ ಇಳಿದಿದ್ದರೆ, ಅದೂ ಉತ್ತರ ಕರ್ನಾಟಕದಲ್ಲಿ ಮಾತ್ರ ಇಳಿದಿದ್ದರೆ, ಅಲ್ಲಿ ಕಡಿಮೆ ಬೆಲೆಗೆ ಹೊಸದಾಗಿ ಬಂದ ಪ್ರಾದೇಶಿಕ ಸಾಬೂನೊಂದಿದೆಯೆ ಎಂದು ಮೊದಲು ಕೇಳಬೇಕು. ಕುಟುಂಬಗಳು ಅಷ್ಟೇ ಇದ್ದು, ಒಂದು ಸಲಕ್ಕೆ ಕೊಳ್ಳುವ ಪ್ರಮಾಣ ಮಾತ್ರ ಇಳಿದಿದ್ದರೆ, ನಾಲ್ಕು ಸಾಬೂನಿನ ಪ್ಯಾಕಿನಿಂದ 10 ರೂಪಾಯಿಯ ಸಣ್ಣ ಸಾಬೂನಿಗೆ ಜನ ಇಳಿದಿದ್ದಾರೆಯೆ ಎಂದು ಪ್ಯಾಕುವಾರು ಅಂಕಿಯನ್ನು ಕೇಳಬೇಕು. ಬೆಲೆ, ಪ್ಯಾಕು, ಜಾಹೀರಾತುಗಳ ವಿಚಾರಕ್ಕೆ ಕೈಹಾಕುವುದು ಈ ಉತ್ತರ ಬಂದ ಮೇಲೆ.